ಅಪ್ಪನ ಗುಳಿಗಿ ಡಬ್ಬಿ ಮತ್ತು ಗೋಡೆ ಮೇಲಿನ ಒಂದು ಹಾಳೆ

ಹೋದ ವರ್ಷ ಶ್ರಾವಣದ ಒಂದು ಸೋಮವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೆದಿತ್ತು. ನೀರಮಾನ್ವಿಯಿಂದ ವೈನಿ ಫೋನ್. ಅವರು ಆ ಹೊತ್ತಿಗೆ ಯಾವತ್ತೂ ಮಾಡುವವರಲ್ಲ.

"ತಮ್ಮಾ, ಮಾವಾರು ಒಂದ್ ಥರ ಮಾತಾಡಾಕತ್ಯಾರ. ಮೈಯೆಲ್ಲ ಬೆವರು. ನನಗ ಅತ್ತಿ ಹೆಸರು ಹಿಡಿದು ಕರಿಯಾಕತ್ಯಾರ."

ಅವ್ವ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನನ್ನ ಎದೆ ಝಲ್ ಎಂದಿತು. ಸಕ್ಕರೆ ನೋಡುವ ಮಷಿನ್ ಮನೆಯಲ್ಲೇ ಇತ್ತು. ನೋಡ್ರಿ ಅಂದೆ. 48 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಕಡಿಮೆ ಅಂತ ಲೆಕ್ಕ.

ಅಪ್ಪನಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ಅದಕ್ಕೇ ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದರು. (ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಸಿಕ್ಕೀತು, ನೇರ ಆಸ್ಪತ್ರೆಗೇ ಒಯ್ಯಬೇಕು.) ಹದಿನೈದು ನಿಮಿಷ ಬಿಟ್ಟು ನೋಡಿದರೆ 66. ಮತ್ತೊಮ್ಮೆ ಅಷ್ಟೇ ಸಕ್ಕರೆ ನೀರು. ಆಮೇಲೆ 94 ಬಂತು. ಅಪ್ಪ "ಏನಾತು?" ಅಂತ ಕೇಳಿದ. ಅಷ್ಟರಲ್ಲಿ ಅಣ್ಣ ಗದ್ದೆಯಿಂದ ಓಡಿ ಬಂದಿದ್ದ. ಒಂದಿಷ್ಟು ಅನ್ನ ಉಣಿಸಿ ಮಾನ್ವಿ ತಾಲೂಕು ಆಸ್ಪತ್ರೆಗೆ ಕರೆದೊಯ್ದರು.

ಸಕ್ಕರೆ ಮೇಲೆ ಬಂತಲ್ಲ, ಮನೆಗೆ ಹೋಗೋಣ ಅಂತ ಅಪ್ಪನ ಹಟ. ಡಾಕ್ಟರ್ ಬಿಡಲಿಲ್ಲ. "ಇವರು ತಗೊಂಡಿರೋ ಗುಳಿಗಿ ಕೆಲಸ ದಿನಪೂರ್ತಿ ಇರ್ತದ. ಸಂಜಿಗೆ ಮತ್ತ ಇಳೀಬಹುದು" ಅಂದು ಒಂದು ರಾತ್ರಿ ಇಟ್ಟುಕೊಂಡರು. ರಾತ್ರಿ ಎರಡು ಗಂಟೆಗೆ ಮತ್ತೆ 62ಕ್ಕೆ ಇಳಿದಿತ್ತು. ಮನೆಗೆ ಹೋಗಿ ಮಲಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಊರಿಗೆ ಬಂದೆ. ತಪ್ಪು ಯಾರದು ಅಂತ ಹುಡುಕುವ ಸಿಟ್ಟಿನಲ್ಲೇ ಬಂದಿದ್ದೆ. ಹುಡುಕಿದರೆ ಸಿಕ್ಕಿದ್ದು ಬೇರೆಯೇ. ಯಾರೂ ತಪ್ಪು ಮಾಡಿರಲಿಲ್ಲ.

ಆಗಿದ್ದು ಇಷ್ಟು. ಜ್ವರ, ಕೆಮ್ಮು ಅಂತ ಅಪ್ಪ ರಾಯಚೂರಿನಲ್ಲಿ ನಾಲ್ಕು ದಿನ ಅಡ್ಮಿಟ್ ಆಗಿ ಶುಕ್ರವಾರ ಸಂಜೆ ಮನೆಗೆ ಬಂದಿದ್ದ. ಸಕ್ಕರೆ ಜಾಸ್ತಿ ಇದೆ ಅಂತ ಅಲ್ಲಿ ಗುಳಿಗೆಯ ಡೋಸ್ ಏರಿಸಿದ್ದರು. ಮೊದಲಿನದು ಗ್ಲಿಮೆಪಿರೈಡ್ 1 ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಕೂಡಿದ್ದು. ಹೊಸದರಲ್ಲೂ ಅವೇ ಎರಡು ಔಷಧ, ಆದರೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ. ಕಂಪನಿ ಬೇರೆ, ಹೆಸರು ಬೇರೆ, ಗುಳಿಗೆಯ ಬಣ್ಣವೂ ಬೇರೆ. ಹೊಸದು ಹಳೆಯದರ ಬದಲಿಗೆ ಬಂದದ್ದು. ನಮ್ಮ ಮನೆಯಲ್ಲಿ ಅದು ಹಳೆಯದರ ಜೊತೆಗೆ ಸೇರಿತು.

ವೈನಿ ಎಂದಿನಂತೆ ಏಳೂವರೆಗೆ ಸ್ಟೀಲ್ ಡಬ್ಬಿಯಿಂದ ಹಳೇ ಗುಳಿಗೆ ಕೊಟ್ಟರು. ಎಂಟಕ್ಕೆ ಅಣ್ಣ ಆಸ್ಪತ್ರೆಯ ಕವರಿನಿಂದ, ಡಿಸ್ಚಾರ್ಜ್ ಚೀಟಿ ನೋಡಿಕೊಂಡೇ, ಹೊಸದನ್ನು ಕೊಟ್ಟ. ಅಪ್ಪ ಎರಡನ್ನೂ ನುಂಗಿದ. "ಕೊಟ್ರು, ತಗೊಂಡೆ" ಅಂದ. 2 ಮಿಲಿಗ್ರಾಂ ಹೋಗಬೇಕಾದ ಹೊಟ್ಟೆಗೆ 3 ಹೋಯಿತು. ಶನಿವಾರ, ಭಾನುವಾರ ರೊಟ್ಟಿ ಉಂಡಿದ್ದರಿಂದ ಬರೀ ಸುಸ್ತು. ಜ್ವರದ ಸುಸ್ತು ಅಂದುಕೊಂಡರು. ಸೋಮವಾರ ಅಪ್ಪ ಒಪ್ಪತ್ತು ಹಿಡಿದ. ಬೆಳಿಗ್ಗೆ ಬರೀ ಚಹಾ. ಗುಳಿಗೆ ಮಾತ್ರ ಎರಡೂ ಆಯಿತು.

ಅವ್ವ ಇದ್ದಾಗ ಹೀಗಾಗುತ್ತಿರಲಿಲ್ಲ. ಯಾವ ಗುಳಿಗೆ ಯಾವಾಗ, ಯಾವುದು ಬಿಟ್ಟಿದ್ದು, ಎಲ್ಲಾ ಅವಳ ತಲೆಯಲ್ಲಿತ್ತು. ಅವಳು ಹೋದ ಮೇಲೆ ಆ ಕೆಲಸ ನಾಲ್ಕು ಜನಕ್ಕೆ ಹಂಚಿಹೋಯಿತು. ಮನೆಯಲ್ಲಿ ಅಣ್ಣ, ವೈನಿ, ದೇವದುರ್ಗದಲ್ಲಿ ಟೀಚರ್ ಆಗಿರುವ ಅಕ್ಕ, ಬೆಂಗಳೂರಿನಲ್ಲಿ ನಾನು. ಕೆಲಸ ಹಂಚಿತು, ಅವಳ ತಲೆಯಲ್ಲಿದ್ದದ್ದು ಮಾತ್ರ ಯಾರಿಗೂ ಬರಲಿಲ್ಲ.

ನಾನು ಸಾಫ್ಟ್‌ವೇರ್‌ನವನು. ಅವತ್ತೇ ಸಂಜೆ ಗೂಗಲ್ ಶೀಟ್ ಮಾಡಿದೆ. ಬಣ್ಣ, ಕಾಲಂ, ಟಿಕ್ ಬಾಕ್ಸ್, ರಿಮೈಂಡರ್, ಎಲ್ಲ ಇತ್ತು. ಒಂದು ವಾರದಲ್ಲಿ ಅದು ಸತ್ತಿತು. ವೈನಿ ಒಮ್ಮೆಯೂ ತೆಗೆಯಲಿಲ್ಲ. ಅಣ್ಣ ರಾತ್ರಿ ಮಲಗುವಾಗ ಇಡೀ ದಿನದ ಟಿಕ್ಕುಗಳನ್ನು ಒಟ್ಟಿಗೆ ಹಾಕುತ್ತಿದ್ದ, ನನ್ನ ಸಮಾಧಾನಕ್ಕೆ. ನಾನು ದೂರದಿಂದ ಹಸಿರು ಬಣ್ಣ ನೋಡಿ ಖುಷಿಪಡುತ್ತಿದ್ದೆ.

ಅಕ್ಕ ಬಂದು ಹೇಳಿದಳು, "ಗುಳಿಗಿ ಇರೋದು ಅಡಿಗಿಮನ್ಯಾಗ. ಪಟ್ಟಿ ನಿನ್ನ ಫೋನ್ನ್ಯಾಗ ಯಾಕ ಬೇಕು?" ಡ್ರಾಯಿಂಗ್ ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಳು. ಡಬ್ಬಿ ಇಡುವ ಮಾಡದ ಪಕ್ಕ ಅಂಟಿಸಿದಳು. ಈಗ ಅದರಲ್ಲಿ ಹೀಗಿದೆ:

- ಬೆಳಿಗ್ಗೆ, ನಾಷ್ಟಾದ ತಾಟು ಮುಂದೆ ಬಂದ ಮೇಲೆ: ಗ್ಲಿಮೆಪಿರೈಡ್ 1 + ಮೆಟ್‌ಫಾರ್ಮಿನ್ 500, ಒಂದು. ಸಕ್ಕರೆಗೆ. ಕೊಡುವವರು ವೈನಿ.
- ನಾಷ್ಟಾ ಆದ ಮೇಲೆ: ಟೆಲ್ಮಿಸಾರ್ಟನ್ 40, ಒಂದು. ಬಿಪಿಗೆ. ಕೊಡುವವರು ವೈನಿ.
- ರಾತ್ರಿ ಊಟದ ಜೊತೆ: ಮೆಟ್‌ಫಾರ್ಮಿನ್ 500, ಒಂದು. ಸಕ್ಕರೆಗೆ. ಕೊಡುವವರು ಅಣ್ಣ.
- ಮಲಗುವಾಗ: ಅಟೊರ್ವಾಸ್ಟಾಟಿನ್ 10, ಒಂದು. ಕೊಲೆಸ್ಟ್ರಾಲ್‌ಗೆ. ಕೊಡುವವರು ಅಣ್ಣ.

ಮೇಲೆ "ಪಟ್ಟಿ 4" ಅಂತ ನಂಬರ್, ಬರೆದ ತಾರೀಖು. ಕೆಳಗೆ ಕೆಂಪು ಅಕ್ಷರದಲ್ಲಿ: "ಊಟ ಇಲ್ಲಂದ್ರ ಮೊದಲನೇ ಗುಳಿಗಿ ಇಲ್ಲ. ಫೋನ್ ಮಾಡ್ರಿ." ಈ ಕೊನೇ ಸಾಲು ನಮ್ಮದಲ್ಲ, ಅಪ್ಪನ ಡಾಕ್ಟರ್ ಹೇಳಿ ಬರೆಸಿದ್ದು. ನಿಮ್ಮ ಮನೆಯವರ ಔಷಧಕ್ಕೆ ಏನು ಬರೆಯಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಬೇಕು. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಅಂತಲೂ ಆಗಲೇ ಕೇಳಿಡಿ. ಮರೆತದ್ದಕ್ಕೆ ಮುಂದಿನ ಹೊತ್ತು ಎರಡು ಕೊಡುವುದಂತೂ ನಮ್ಮ ಮನೆಯಲ್ಲಿ ಬಂದ್.

ಒಂದು ಹೊತ್ತಿಗೆ ಒಬ್ಬರದೇ ಹೆಸರು ಅನ್ನುವುದು ಮುಖ್ಯ. "ಯಾರಾದ್ರೂ ಕೊಡ್ರಿ" ಅಂದರೆ ಒಂದು ದಿನ ಇಬ್ಬರೂ ಕೊಡುತ್ತಾರೆ, ಇನ್ನೊಂದು ದಿನ ಯಾರೂ ಕೊಡುವುದಿಲ್ಲ. ವೈನಿ ತವರಿಗೆ ಹೋಗುವ ದಿನ ಅವರ ಹೆಸರಿನ ಮೇಲೆ ಬೇರೆ ಹೆಸರಿನ ಚೀಟಿ ಅಂಟಿಸಿಯೇ ಹೋಗುತ್ತಾರೆ.

ಪಟ್ಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಹೆಸರು ಬರೆದಿದ್ದೇವೆ. ನಮ್ಮನ್ನು ಕೆಡವಿದ್ದೇ ಕಂಪನಿ ಹೆಸರು. ಜನೌಷಧಿ ಕೇಂದ್ರದಲ್ಲಿ ತಗೊಂಡರೂ, ಬೇರೆ ಮೆಡಿಕಲ್ ಶಾಪಿನಲ್ಲಿ ತಗೊಂಡರೂ ಕಂಪನಿ ಬದಲಾಗುತ್ತದೆ, ಒಳಗಿನ ಔಷಧದ ಹೆಸರು ಬದಲಾಗುವುದಿಲ್ಲ. ಆ ಹೆಸರು ಕಂಪನಿ ಇಟ್ಟ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು ಅಂತ 2018ರಿಂದ ನಿಯಮವೂ ಇದೆ. ಆದರೆ ಅದು ಇಂಗ್ಲಿಷ್‌ನಲ್ಲಿರುತ್ತದೆ, ವೈನಿಗೆ ಓದಲು ಬರುವುದಿಲ್ಲ. ಅದಕ್ಕೆ ಅಕ್ಕ ಖಾಲಿಯಾದ ಪಟ್ಟಿಯಿಂದ ಹೆಸರು ಮತ್ತು ಮಿಲಿಗ್ರಾಂ ಇರುವ ತುಂಡು ಕತ್ತರಿಸಿ ಪ್ರತಿ ಸಾಲಿನ ಎದುರು ಅಂಟಿಸಿದಳು. ಹೊಸದು ಬಂದಾಗ ವೈನಿ ಎರಡನ್ನೂ ಪಕ್ಕ ಹಿಡಿದು ಅಕ್ಷರ, ಅಂಕಿ ಹೊಂದಿಸಿ ನೋಡುತ್ತಾರೆ. ಹೊಂದದಿದ್ದರೆ ಡಬ್ಬಿಗೆ ಹಾಕುವ ಮೊದಲು ಫೋಟೋ ಕಳಿಸುತ್ತಾರೆ.

ಪಟ್ಟಿ ತಿದ್ದುವ ಹಕ್ಕು ಅಕ್ಕನೊಬ್ಬಳಿಗೇ. ಡಾಕ್ಟರ್ ಹತ್ತಿರ ಯಾರೇ ಹೋಗಲಿ, ಅಲ್ಲಿಂದಲೇ ಚೀಟಿಯ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಬೇಕು. ಅಕ್ಕ ಹಳೇ ಪಟ್ಟಿ ಜೊತೆ ಹೋಲಿಸಿ ಹೊಸದನ್ನು ಬರೆದು ಫೋಟೋ ಕಳಿಸುತ್ತಾಳೆ. ಅಣ್ಣ ಅದನ್ನು ಹಾಳೆಗೆ ಇಳಿಸಿ, ಹಳೇದನ್ನು ಹರಿದು, ಬಿಟ್ಟ ಗುಳಿಗೆಯನ್ನು ಅವತ್ತೇ ಸಂಜೆ ಡಬ್ಬಿಯಿಂದ ತೆಗೆಯುತ್ತಾನೆ. ಹಾಳೆ ಬದಲಾಗಿ ಡಬ್ಬಿ ಬದಲಾಗದಿದ್ದರೆ ಏನೂ ಬದಲಾಗಿಲ್ಲ ಅಂತಲೇ ಅರ್ಥ.

ಆಸ್ಪತ್ರೆಗೆ ಹೋಗುವ ದಿನವೂ ಅದೇ ಹಾಳೆಯ ಕೆಳಗಿದೆ. ಮುಂದಿನ ತಾರೀಖು, ಕರೆದೊಯ್ಯುವವರ ಹೆಸರು, ರಕ್ತಪರೀಕ್ಷೆಗೆ ಬರೀ ಹೊಟ್ಟೆಯಲ್ಲಿ ಹೋಗಬೇಕೋ ಇಲ್ಲವೋ. ನಾಟಿ ಸಮಯದಲ್ಲಿ ಅಣ್ಣನಿಗೆ ಆಗುವುದಿಲ್ಲ, ಆಗ ಅಕ್ಕ ಶನಿವಾರ ಬರುತ್ತಾಳೆ. ಹೋದವರು ಕೇಳಬೇಕಾದ್ದು ಮೂರೇ: ಹೊಸದು ಯಾವುದು, ಬಿಡಬೇಕಾದ್ದು ಯಾವುದು, ಮತ್ತೆ ಯಾವಾಗ ಬರಬೇಕು. ನಡುವಿನ ಪ್ರಶ್ನೆಯನ್ನೇ ನಾವು ರಾಯಚೂರಿನಲ್ಲಿ ಕೇಳಿರಲಿಲ್ಲ.

ಮನೆಯಲ್ಲಿರುವ ಎಲ್ಲ ಔಷಧವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ಮೊದಲ ಸಲ ಚೀಲ ಸುರುವಿದಾಗ ಮೊಣಕಾಲು ನೋವಿನ ಗುಳಿಗೆಯೂ ಬಿತ್ತು. ಅಪ್ಪ ತಾನೇ ಅಂಗಡಿಯಿಂದ ತಂದು ವಾರಕ್ಕೆ ಮೂರ್ನಾಲ್ಕು ನುಂಗುತ್ತಿದ್ದ. ಆ ಜಾತಿಯ ನೋವಿನ ಗುಳಿಗೆ ಬಿಪಿ ಏರಿಸುತ್ತದೆ, ಕಿಡ್ನಿಗೂ ಭಾರ ಅಂತ ಡಾಕ್ಟರ್ ನಿಲ್ಲಿಸಿದರು. ಕಿಡ್ನಿ ಸೋತರೆ ಸಕ್ಕರೆ ಗುಳಿಗೆಯೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದಂತೆ.

ನನಗೆ ಉಳಿದದ್ದು ಎಣಿಸುವ ಕೆಲಸ. ಭಾನುವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ವೈನಿ ಡಬ್ಬಿ ತೋರಿಸುತ್ತಾರೆ. 1ನೇ ತಾರೀಖು ಬೆಳಿಗ್ಗೆ 30 ಗುಳಿಗೆ ಇದ್ದರೆ 15ರ ರಾತ್ರಿಗೆ 15 ಉಳಿಯಬೇಕು. 17 ಇದ್ದರೆ ಎರಡು ಸಲ ತಪ್ಪಿದೆ, 13 ಇದ್ದರೆ ಎರಡು ಹೆಚ್ಚು ಹೋಗಿದೆ. ಟಿಕ್ ಸುಳ್ಳು ಹೇಳಬಹುದು, ಎಣಿಕೆಗೆ ಅದು ಕಷ್ಟ. ಒಪ್ಪತ್ತಿನ ದಿನ ಬಿಟ್ಟದ್ದನ್ನು ಹಾಳೆ ಮೇಲೆ ಬರೆದಿರುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಏಳು ಉಳಿದಾಗ ಹೊಸದಕ್ಕೆ ದುಡ್ಡು ಹಾಕುತ್ತೇನೆ.

ಇದರಲ್ಲೂ ಕುಂದು ಇದೆ. ಗುಳಿಗೆ ಡಬ್ಬಿಯಿಂದ ಹೋಯಿತು ಅಂತ ಎಣಿಕೆ ಹೇಳುತ್ತದೆ, ಹೊಟ್ಟೆಗೆ ಹೋಯಿತು ಅಂತ ಹೇಳುವುದಿಲ್ಲ. ಅದಕ್ಕೆ ಕೊಟ್ಟವರು ನೀರು ಕುಡಿಯುವವರೆಗೆ ಎದುರಿಗೇ ನಿಲ್ಲಬೇಕು. ಶುರುವಿನಲ್ಲಿ ಅಪ್ಪನಿಗೆ ಇದು ಸೇರಲಿಲ್ಲ. "ನಾ ಏನ್ ಸಣ್ಣ ಹುಡುಗ ಏನು?" ಅಂತ ಸಿಟ್ಟಾದ. ಆಗ ಅಕ್ಕ ಹಾಳೆಗೆ ದಾರ ಕಟ್ಟಿ ಪೆನ್ ಇಳಿಬಿಟ್ಟಳು. ಟಿಕ್ ಹಾಕುವ ಕೆಲಸ ಅಪ್ಪನದೇ ಆಯಿತು. ಈಗ ವೈನಿ ಐದು ನಿಮಿಷ ತಡ ಮಾಡಿದರೆ ಅವನೇ ಕೂಗುತ್ತಾನೆ.

ಈ ವರ್ಷವೂ ಶ್ರಾವಣ ಬಂತು. ಮೊದಲ ಸೋಮವಾರ ಬೆಳಿಗ್ಗೆ ಏಳೂವರೆಗೆ ವೈನಿ ಫೋನ್. ನನ್ನ ಕೈ ಒಂದು ಕ್ಷಣ ತಣ್ಣಗಾಯಿತು.

"ತಮ್ಮಾ, ಮಾವಾರು ಒಪ್ಪತ್ತು ಅಂತಾರ. ಮೊದಲನೇದು ಕೊಟ್ಟಿಲ್ಲ. ಡಾಕ್ಟರಿಗೆ ಕೇಳೀನಿ, ರಾತ್ರಿದು ಊಟದ ಜೊತಿ ಕೊಡು ಅಂದಾರ. ನಿನಗೂ ಹೇಳೋಣ ಅಂತ ಮಾಡಿದೆ."

ಹಿಂದಿನಿಂದ ಅಪ್ಪನ ದನಿ ಕೇಳಿಸಿತು. "ಅಲ್ಲಿ ಟಿಕ್ ಹಾಕ್ಲ್ಯಾ, ಗೆರಿ ಹೊಡೀಲ್ಯಾ?"

"ಗೆರಿ ಹೊಡೀರಿ ಮಾವಾರ" ಅಂದರು ವೈನಿ.