ಕಾಣದ ಕ್ರಿಯಾಪದ

ನಾನು ಮಧುಗಿರಿಯಲ್ಲಿ ಕನ್ನಡ ಬೋಧಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ‘ಅಣ್ಣ ಸಿರಾಕ್ಕೆ ಹೋದನು, ತಂಗಿ ಪಾವಗಡಕ್ಕೆ’ ಎಂದು ಬರೆದಿದ್ದನು. ‘ಕ್ರಿಯಾಪದವಿಲ್ಲ, ವಾಕ್ಯ ಅಪೂರ್ಣ’ ಎಂದು ಕೆಂಪು ಶಾಯಿಯಲ್ಲಿ ಬರೆದು ಒಂದು ಅಂಕವನ್ನು ಕಳೆದೆನು. ಹುಡುಗನು ಅಳುಕುತ್ತಲೇ ಕೇಳಿದನು: “ಕ್ರಿಯಾಪದ ಇಲ್ಲದಿದ್ದರೆ ‘ಪಾವಗಡಕ್ಕೆ’ ಎಂಬಲ್ಲಿ ಚತುರ್ಥಿ ವಿಭಕ್ತಿ ಯಾಕೆ ಬಂತು, ಸಾರ್?”

ನನಗೆ ಉತ್ತರ ಹೊಳೆಯಲಿಲ್ಲ. ಆ ವಿಭಕ್ತಿಗೆ ಆಧಾರವಾದ ಕ್ರಿಯೆ ಅಲ್ಲಿ ಇರಲೇಬೇಕು. ನಮ್ಮ ಹಿರಿಯರು ಅಧ್ಯಾಹಾರವೆಂದು ಕರೆದುದು ಇದನ್ನೇ. ಆದರೆ ಮನಬಂದ ಕ್ರಿಯೆಯನ್ನು ತಂದಿಡುವಂತಿಲ್ಲ. ‘ಪಾವಗಡಕ್ಕೆ’ ಎಂಬುದರೊಡನೆ ‘ಬಂದಳು’ ಎಂಬುದೂ ಕೂಡುತ್ತದೆ. ಆದರೂ ಕೇಳಿದವರು ‘ಹೋದಳು’ ಎಂದೇ ತಿಳಿಯುತ್ತಾರೆ. ನೆರೆಯ ವಾಕ್ಯದಲ್ಲಿರುವುದು ‘ಹೋದನು’, ಮರೆಯಲ್ಲಿರುವುದು ‘ಹೋದಳು’. ಎಂದರೆ ಅಡಗಿರುವುದು ಉಚ್ಚರಿಸಿದ ಶಬ್ದವಲ್ಲ, ಧಾತು; ಲಿಂಗಪ್ರತ್ಯಯವು ತನ್ನ ಕರ್ತೃವನ್ನೇ ಅನುಸರಿಸುತ್ತದೆ.

1970ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜಾನ್ ರಾಬರ್ಟ್ ರಾಸ್ ಅವರು ಇಂತಹ ಲೋಪದ ದಿಕ್ಕಿಗೂ ಪದಕ್ರಮಕ್ಕೂ ಸಂಬಂಧವಿದೆಯೆಂದು ವಾದಿಸಿದರು. ಕ್ರಿಯಾಪದವು ಕೊನೆಗೆ ಬರುವ ಭಾಷೆಗಳಲ್ಲಿ ಮೊದಲ ವಾಕ್ಯದ ಕ್ರಿಯಾಪದವೇ ಲೋಪವಾಗಬಲ್ಲದು. ಕನ್ನಡದಲ್ಲಿ ಅದೂ ಉಂಟು: ‘ಅಣ್ಣ ಸಿರಾಕ್ಕೆ, ತಂಗಿ ಕೊರಟಗೆರೆಗೆ ಹೋದರು.’ ಇಲ್ಲೊಂದು ತೊಡಕು. ಅಣ್ಣನೂ ಏಕವಚನ, ತಂಗಿಯೂ ಏಕವಚನ. ‘ಹೋದರು’ ಎಂಬ ಬಹುವಚನ ಎಲ್ಲಿಂದ ಬಂತು? ಒಂದೆಡೆ ಕ್ರಿಯಾಪದವನ್ನು ಅಳಿಸಿದರೆಂಬ ವಿವರಣೆ ಇಲ್ಲಿ ಸಾಲದು. ಇಬ್ಬರೂ ಒಂದೇ ಕ್ರಿಯಾಪದವನ್ನು ಹಂಚಿಕೊಂಡಿದ್ದಾರೆ ಎನ್ನಬೇಕಾಗುತ್ತದೆ. ಮೇಲ್ನೋಟಕ್ಕೆ ಒಂದೇ ತೆರನಾದ ಎರಡು ಲೋಪಗಳ ಒಳರಚನೆ ಬೇರೆ ಬೇರೆ.

ಮರುದಿನ ಆ ಒಂದು ಅಂಕವನ್ನು ಹಿಂದಿರುಗಿಸಿದೆನು. ಕೆಂಪು ಗೆರೆಯನ್ನು ಮಾತ್ರ ಅಳಿಸಲಾಗಲಿಲ್ಲ.