ಪಾಲಿಸಿ ಬೆಂಗಳೂರಿನದು, ರೌಟರ್ ಆಳಂದದ್ದು

ನಮ್ಮ ಕಂಪನಿಯ ವರ್ಕ್ ಫ್ರಮ್ ಹೋಮ್ ಪಾಲಿಸಿ ಬರೆಯುವ ತಂಡಕ್ಕೆ ನನ್ನನ್ನೂ ಸೇರಿಸಿದರು. ಆಳಂದದಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡೋನು ಅನ್ನೋದೇ ಕಾರಣ. ಕರಡಿನ ಪ್ರತಿ ಸಾಲಿಗೂ ನಾನು ಕೇಳಿದ್ದು ಒಂದೇ ಪ್ರಶ್ನೆ: ಊರಲ್ಲಿರೋ ಉದ್ಯೋಗಿ ಇದನ್ನು ಪಾಲಿಸೋಕೆ ಆಗುತ್ತಾ?

ಅರ್ಹತೆಯ ಭಾಗದಲ್ಲಿ ‘ತಡೆಯಿಲ್ಲದ ವಿದ್ಯುತ್ ಇರುವವರಿಗೆ ಮಾತ್ರ’ ಎಂದಿತ್ತು. ಹಾಗಂದ್ರೆ ಆಳಂದ, ಅಫಜಲಪುರ, ಜೇವರ್ಗಿಯವರೆಲ್ಲ ಹೊರಗೆ. ಆದರೆ ಕರೆಂಟ್ ಹೋದ ಕೂಡಲೇ ನಿಲ್ಲೋದು ಲ್ಯಾಪ್‌ಟಾಪ್ ಅಲ್ಲ, ಅದಕ್ಕೆ ಬ್ಯಾಟರಿ ಇದೆ. ನಿಲ್ಲೋದು ರೌಟರ್. ಸಾಮಾನ್ಯ ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು, ಕೆಲವು ಗಂಟೆ ನಡೆಯುತ್ತೆ. ಅದಕ್ಕೇ ಆ ಸಾಲನ್ನು ‘ರೌಟರಿಗೆ ಬ್ಯಾಕಪ್ ಮತ್ತು ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ಇರಬೇಕು’ ಎಂದು ಬದಲಿಸಿದೆವು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಮೀಟಿಂಗ್ ನಡೆಯುತ್ತಾ ನೋಡಿದರಾಯ್ತು.

ಖರ್ಚಿನ ಭಾಗದಲ್ಲಿ ಎಲ್ಲರಿಗೂ ತಿಂಗಳಿಗೆ ಇಷ್ಟು ಅಂತ ಕೊಡೋದು ಸುಲಭ. ಆದರೆ ಹಾಗೆ ಕೊಟ್ಟ ಭತ್ಯೆ ಸಂಬಳಕ್ಕೆ ಸೇರುತ್ತೆ, ತೆರಿಗೆಯೂ ಬೀಳುತ್ತೆ. ಕೆಲಸಕ್ಕೆ ಬಳಸಿದ ಬ್ರಾಡ್‌ಬ್ಯಾಂಡ್ ಬಿಲ್ ತೋರಿಸಿ ಮರುಪಾವತಿ ಪಡೆದರೆ ಆ ಹೊರೆ ಇಲ್ಲ. ಬಿಲ್ ಉದ್ಯೋಗಿಯ ಹೆಸರಲ್ಲೇ ಇರಬೇಕು ಅಂದ್ರು ಅಕೌಂಟ್ಸ್‌ನವರು. ಅಫಜಲಪುರದ ಸಹೋದ್ಯೋಗಿ ತಕ್ಷಣ ಹೇಳಿದ: ‘ನಮ್ಮ ಮನಿ ಬಿಲ್ಲು ನಮ್ಮಪ್ಪನ ಹೆಸರಿಲೆ ಅದರೀ.’ ಹೆಸರು ಬದಲಿಸಿಕೊಳ್ಳಲು ಮೂರು ತಿಂಗಳ ಕಾಲಾವಕಾಶ ಬರೆದೆವು. ಯುಪಿಎಸ್ ಅನ್ನು ಕಂಪನಿಯೇ ಕೊಂಡು ಕೊಡುತ್ತೆ, ಕೆಲಸ ಬಿಟ್ಟಾಗ ವಾಪಸ್ ಪಡೆಯುತ್ತೆ.

ಹೆಚ್ಚು ಚರ್ಚೆಯಾದದ್ದು ಡೇಟಾ ಸುರಕ್ಷತೆ. ಲ್ಯಾಪ್‌ಟಾಪ್ ಕಳೆದರೆ ‘24 ಗಂಟೆಯೊಳಗೆ ಇಮೇಲ್ ಮಾಡಿ’ ಎಂದಿತ್ತು ಕರಡು. ಆದರೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಡೇಟಾ ಸೋರಿಕೆಯಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಕಳೆದ ಲ್ಯಾಪ್‌ಟಾಪೆಲ್ಲ ಸೋರಿಕೆ ಅಲ್ಲ ನಿಜ, ಆದರೆ ಅದನ್ನು ತೀರ್ಮಾನಿಸೋದು ಉದ್ಯೋಗಿಯ ಕೆಲಸವೂ ಅಲ್ಲ.

ಒಬ್ಬರು ಸಂಜೆ 7ಕ್ಕೆ ಕಲಬುರಗಿ–ಆಳಂದ ಬಸ್ಸಿನಲ್ಲಿ ಬ್ಯಾಗ್ ಬಿಟ್ಟಿಳಿದರು ಅಂದುಕೊಳ್ಳಿ. ಲ್ಯಾಪ್‌ಟಾಪೇ ಇಲ್ಲದ ಮೇಲೆ ಆಫೀಸಿನ ಮೇಲ್ ತೆಗೆಯೋದು ಎಲ್ಲಿಂದ? ಅವರು ಬೆಳಿಗ್ಗೆವರೆಗೆ ಕಾದರೆ ಒಳಗಿನ ಲಾಗಿನ್‌ಗಳು ರಾತ್ರಿಯಿಡೀ ತೆರೆದೇ ಇರುತ್ತವೆ. ದೂರದಿಂದ ಡೇಟಾ ಅಳಿಸುವ ಆದೇಶ ಆ ಲ್ಯಾಪ್‌ಟಾಪ್ ಇಂಟರ್‌ನೆಟ್‌ಗೆ ಬಂದಾಗಷ್ಟೇ ಕೆಲಸ ಮಾಡುತ್ತೆ. ಹಾಗಾಗಿ ಐಟಿಯವರು ಮೊದಲು ಎಲ್ಲ ಲಾಗಿನ್ ರದ್ದು ಮಾಡಬೇಕು, ಆಮೇಲೆ ಉಳಿದದ್ದು.

ಈಗಿನ ಸಾಲು ಹೀಗಿದೆ: ‘ಕಳೆದದ್ದು ಗೊತ್ತಾದ ಕೂಡಲೇ, ಹುಡುಕುವ ಮೊದಲೇ, ಈ ನಂಬರಿಗೆ ಫೋನ್ ಮಾಡಿ.’ ಅದರ ಕೆಳಗೆ ಇನ್ನೊಂದು ಸಾಲು: ‘ತಕ್ಷಣ ತಿಳಿಸಿದವರಿಂದ ಲ್ಯಾಪ್‌ಟಾಪಿನ ಬೆಲೆ ವಸೂಲಿ ಮಾಡುವುದಿಲ್ಲ.’ ಎರಡನೇ ಸಾಲಿಗೆ ಫೈನಾನ್ಸ್‌ನವರನ್ನು ಒಪ್ಪಿಸಲು ವಾರ ಹಿಡಿಯಿತು. ಅದಿಲ್ಲದಿದ್ದರೆ ಮೊದಲ ಸಾಲನ್ನು ಯಾರೂ ಪಾಲಿಸ್ತಿರಲಿಲ್ಲ.