ಚಿತ್ರದ ಕೆಳಗಿನ ಎರಡು ಸಾಲು

ವಿಜ್ಞಾನದ ಬರಹವನ್ನು ಕನ್ನಡಕ್ಕೆ ತರುವವರು ಸಾಮಾನ್ಯವಾಗಿ ಹೆದರುವುದು ದೊಡ್ಡ ದೊಡ್ಡ ಪಾರಿಭಾಷಿಕ ಪದಗಳಿಗೆ. ಅವಕ್ಕಾದರೆ ನಿಘಂಟು ಇದೆ, ಕೇಳಲು ನಾಲ್ಕು ಜನ ಮಾಸ್ತರರೂ ಇದ್ದಾರೆ. ನನಗೆ ಹೆದರಿಕೆ ಚಿತ್ರದ ಕೆಳಗಿರುವ ಎರಡು ಸಾಲಿನದು. ಅದರಲ್ಲೂ ಕಂಸದೊಳಗೆ ಮುದುಡಿ ಕುಳಿತ ನಾಲ್ಕಾರು ಅಕ್ಷರಗಳದು. ಲೇಖನ ಓದದವರೂ ಚಿತ್ರ ನೋಡುತ್ತಾರೆ. ಆ ಅಕ್ಷರಗಳಲ್ಲಿ ಒಂದು ಬಿದ್ದುಹೋದರೆ ಚಿತ್ರವೇ ಸುಳ್ಳಾಡತೊಡಗುತ್ತದೆ.

ಮುಂಡರಗಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಗ್ರಾಮ ಪಂಚಾಯಿತಿ ಸದಸ್ಯ. ಆ ಕಡೆಯವರಿಗೆ ನೀರಿನ ಫ್ಲೋರೈಡ್ ಹೊಸದಲ್ಲ. ಹಲ್ಲಿನ ಮೇಲಿನ ಕಂದು ಕಲೆಯನ್ನು ಕಂಡೇ ಬೆಳೆದವರು. ಆದರೆ ಈತ ಕಳಿಸಿದ್ದು ನೈಟ್ರೇಟಿನ ವಿಷಯ. ಬೇರೆ ಪ್ರದೇಶದ ಕೊಳವೆಬಾವಿಗಳ ಕುರಿತಾದ ಇಂಗ್ಲಿಷ್ ಲೇಖನವೊಂದರ ಒಂದು ಪುಟವನ್ನು ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದರು. ಅದನ್ನು ಕನ್ನಡ ಮಾಡಿ, ತನ್ನ ಊರಿನ ಬಾವಿಯ ಪರೀಕ್ಷಾ ವರದಿಯ ಪಕ್ಕದಲ್ಲಿಟ್ಟು ಗ್ರಾಮಸಭೆಯಲ್ಲಿ ತೋರಿಸಬೇಕೆಂದು ಅವನ ಆಸೆ. ಕನ್ನಡವನ್ನು ತಾನೇ ಮಾಡಿ, ನೋಡಿಕೊಡಲು ನನ್ನಲ್ಲಿಗೆ ಕಳಿಸಿದ್ದ.

ಚಿತ್ರದ ಕೆಳಗೆ ಅವನು ಬರೆದದ್ದು: 'ನೀರಿನಲ್ಲಿ ನೈಟ್ರೇಟ್ ಪ್ರಮಾಣ (ಮಿ.ಗ್ರಾಂ.).' ಓದಲು ಚೊಕ್ಕವಾಗಿದೆ. ಎಲ್ಲಕ್ಕಿಂತ ಎತ್ತರದ ಕಂಬ ಹನ್ನೆರಡರ ಮೇಲೆ ನಿಂತಿತ್ತು. ಹತ್ತರ ಮಟ್ಟದಲ್ಲಿ ಒಂದು ತುಂಡು ಗೆರೆ. ಊರಿನ ಬಾವಿಯ ವರದಿಯಲ್ಲಿ ಇದ್ದದ್ದು 38. ಫೋನಿನಲ್ಲಿ ಅವನ ದನಿ ಗಾಬರಿಯಾಗಿತ್ತು.

"ಸರ, ಅವರ ಕೆಟ್ಟ ಬಾವಿ ಹನ್ನೆರಡು, ನಮ್ಮದು ಮೂವತ್ತೆಂಟು! ಮತ್ತ ನಲವತ್ತೈದು ದಾಟಬಾರದು ಅಂತ ನೀವ ಕಲಿಸೀರಿ, ಇಲ್ಲಿ ಗೆರಿ ಹತ್ತಕ್ಕ ಐತಿ. ಅಚ್ಚಿನ್ಯಾಗ ತಪ್ಪಾಗೇತೇನ್ರಿ?"

"ಅಚ್ಚಿನ್ಯಾಗ ಅಲ್ಲಪಾ, ಪಕ್ಕದ ಅಕ್ಷರ ನೋಡು" ಎಂದೆ. ಪುಟ ಬೈಂಡಿನ ಹತ್ತಿರ ಬಾಗಿತ್ತು. ಲಂಬ ಅಕ್ಷದ ಹೆಸರು ಆ ಬಾಗಿನಲ್ಲಿ ಅರ್ಧ ಮುಚ್ಚಿತ್ತು. ದೊಡ್ಡದು ಮಾಡಿ ನೋಡಿದರೆ ಅಲ್ಲಿದ್ದದ್ದು `NO₃⁻–N (mg L⁻¹)`. ಹುಡುಗನಿಗೆ ಕೊನೆಯ N ಕಂಡಿರಲಿಲ್ಲ. ಅದರ ಹಿಂದಿನ ಅಡ್ಡಗೆರೆಯನ್ನು ನೈಟ್ರೇಟಿನ ಋಣ ಚಿಹ್ನೆಯ ಜೊತೆ ಸೇರಿಸಿಬಿಟ್ಟಿದ್ದ.

ಆ N ಇದ್ದರೆ ತೂಗಿದ್ದು ಇಡೀ ನೈಟ್ರೇಟನ್ನಲ್ಲ, ಅದರೊಳಗಿನ ಸಾರಜನಕವನ್ನು ಮಾತ್ರ. ಒಂಬತ್ತನೆಯ ತರಗತಿಯ ಲೆಕ್ಕ ಸಾಕು. ಸಾರಜನಕದ ಪರಮಾಣು ತೂಕ 14. ಆಮ್ಲಜನಕದ ಮೂರು ಪರಮಾಣುಗಳು ಸೇರಿ 48. ಒಟ್ಟು ನೈಟ್ರೇಟ್ 62. ಅರವತ್ತೆರಡನ್ನು ಹದಿನಾಲ್ಕರಿಂದ ಭಾಗಿಸಿದರೆ ಸುಮಾರು 4.43. ಅಂದರೆ ಸಾರಜನಕದ ಲೆಕ್ಕದ 12, ನೈಟ್ರೇಟಿನ ಲೆಕ್ಕದಲ್ಲಿ 53. ತುಂಡು ಗೆರೆಯ 10, ಸುಮಾರು 44. ಅಮೆರಿಕದವರು ಕುಡಿಯುವ ನೀರಿನ ಮಿತಿಯನ್ನು ಸಾರಜನಕದ ಲೆಕ್ಕದಲ್ಲಿ 10 ಎಂದು ಹೇಳುತ್ತಾರೆ. ನಮ್ಮ ಭಾರತೀಯ ಮಾನಕ, 2012ರ ಐಎಸ್ 10500, ನೈಟ್ರೇಟಿನ ಲೆಕ್ಕದಲ್ಲಿ 45 ಎನ್ನುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಮಿತಿ, ಹೇಳುವ ಭಾಷೆ ಬೇರೆ.

ಊರಿನ ವರದಿಯಲ್ಲಿ ಸ್ಪಷ್ಟವಾಗಿ `NO₃` ಎಂದಿತ್ತು. ಆ 38 ಮಿತಿಯೊಳಗಿದೆ. ಚಿತ್ರದ ಭಾಷೆಯಲ್ಲಿ ಹೇಳುವುದಾದರೆ ಎಂಟೂವರೆ ಚಿಲ್ಲರೆ, ಗೆರೆಯ ಕೆಳಗೆ. ಅವನ ಅನುವಾದವನ್ನು ಹಾಗೆಯೇ ಗ್ರಾಮಸಭೆಗೆ ಒಯ್ದಿದ್ದರೆ ಬಿರುಬೇಸಿಗೆಯಲ್ಲಿ ಇದ್ದೊಂದು ಬಾವಿಗೂ ಬೀಗ ಬೀಳುತ್ತಿತ್ತು. ಇದೇ ತಪ್ಪು ತಿರುಗಿ ಬಿದ್ದರೆ ಇನ್ನೂ ಕೇಡು. ಸಾರಜನಕದ ಲೆಕ್ಕದ 12 ಬಂದ ಬಾವಿಯವರು '45ರ ಒಳಗಿದೆ' ಎಂದು ನಿಶ್ಚಿಂತೆಯಿಂದ ಬಾಟಲಿ ಹಾಲಿಗೆ ಆ ನೀರು ಬೆರೆಸುತ್ತಾರೆ. ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯ ಅಲ್ಲಿಂದಲೇ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ.

ಹಾಗಾದರೆ ಅನುವಾದಕ ಏನು ಮಾಡಬೇಕು? ಅಂಕಿಗಳನ್ನು ಗುಣಿಸಿ ಅಕ್ಷದ ಮೇಲೆ ಹೊಸದಾಗಿ ಬರೆಯುವ ಚಪಲ ಬರುತ್ತದೆ. ಬೇಡ. ಒಂದು ಕಡೆ ಗುಣಿಸಿ ಇನ್ನೊಂದು ಕಡೆ ಮರೆತರೆ ಕಂಬ ಒಂದು ಹೇಳುತ್ತದೆ, ಗೆರೆ ಇನ್ನೊಂದು ಹೇಳುತ್ತದೆ. ಮೂಲದೊಡನೆ ತಾಳೆ ನೋಡುವ ದಾರಿಯೂ ಮುಚ್ಚುತ್ತದೆ. ನಾವು ಕೊನೆಗೆ ಬರೆದದ್ದು ಇಷ್ಟು: 'ಕೊಳವೆಬಾವಿ ನೀರಿನಲ್ಲಿ ನೈಟ್ರೇಟ್ ರೂಪದಲ್ಲಿರುವ ಸಾರಜನಕ, ಒಂದು ಲೀಟರಿಗೆ ಮಿಲಿಗ್ರಾಂ (`NO₃⁻–N, mg L⁻¹`).' ಕೆಳಗೆ, ಅನುವಾದಕನ ಟಿಪ್ಪಣಿ ಎಂಬ ತಲೆಬರಹದಡಿ, 4.43ರ ಲೆಕ್ಕ. 'ಒಂದು ಲೀಟರಿಗೆ' ಎಂಬುದನ್ನು ಹುಡುಗ ಮೊದಲು ಕೈಬಿಟ್ಟಿದ್ದಕ್ಕೂ ಕಾರಣ ಫೋಟೋವೇ: `L⁻¹` ಎಂಬಲ್ಲಿ ಮೇಲಿನ ಸಣ್ಣ ಗೆರೆ ಮಾಸಿ 'ಎಲ್ ಒಂದು' ಎಂದಷ್ಟೇ ಉಳಿದಿತ್ತು. ಎಷ್ಟು ನೀರಿನಲ್ಲಿ ಎಂದು ಹೇಳದ ಮಿಲಿಗ್ರಾಂ, ಎಷ್ಟು ಕೊಡ ಹಾಲಿಗೆ ಎಂದು ಹೇಳದ ಸಕ್ಕರೆಯ ಹಾಗೆ.

ಚಿಹ್ನೆಗಳನ್ನೂ ಕನ್ನಡದಲ್ಲೇ ಬರೆದರೇನು ಎಂದು ಕೇಳುವವರಿದ್ದಾರೆ. ಲಕ್ಷ್ಮೇಶ್ವರದಲ್ಲಿ, ಅಂದರೆ ತಿರುಳ್ಗನ್ನಡದ ಪುಲಿಗೆರೆಯಲ್ಲಿ, ಪಾಠ ಹೇಳಿದವನು ನಾನು; ಕನ್ನಡದ ಮೇಲೆ ಅಭಿಮಾನ ಕಡಿಮೆಯೇನಿಲ್ಲ. ಆದರೆ 'ಮಿ.ಗ್ರಾಂ.', 'ಮೈ.ಗ್ರಾಂ.' ಎರಡನ್ನೂ ಸಣ್ಣ ಅಚ್ಚಿನಲ್ಲಿ ಹಾಕಿ ನೋಡಿ. ನಡುವೆ ಸಾವಿರ ಪಟ್ಟಿನ ಅಂತರ, ಕಣ್ಣಿಗೆ ಒಂದು ಕೊಂಬಿನಷ್ಟು. ಹೆಸರನ್ನು ಕನ್ನಡದಲ್ಲಿ ಪೂರ್ತಿ ಬರೆದು, ಚಿಹ್ನೆಯನ್ನು ಇದ್ದ ಹಾಗೆ ಉಳಿಸುವುದೇ ನನಗೆ ಸರಿಕಂಡಿದೆ.

ಅದೇ ಪುಟದ ಎರಡನೆಯ ಚಿತ್ರದಲ್ಲಿ ನೀರಿನ ವಿದ್ಯುದ್ವಾಹಕತೆ ಇತ್ತು: `EC (µS cm⁻¹)`. ಫೋಟೋದಲ್ಲಿ ಮೈಕ್ರೊದ ಬಾಲ ಹಾರಿಹೋಗಿ ಅದು m ಎಂಬಂತೆ ಕಾಣುತ್ತಿತ್ತು. ಹುಡುಗ 'ಮಿಲಿಸೀಮೆನ್ಸ್' ಎಂದು ಬರೆದಿದ್ದ. ಇಂಥಲ್ಲಿ ಕಣ್ಣನ್ನು ನಂಬದೆ ಅಂಕಿಯನ್ನು ಕೇಳಬೇಕು. ಒಂದು ಬಾವಿಗೆ 1,800 ಎಂದಿತ್ತು. ಸಮುದ್ರದ ನೀರಿನ ವಾಹಕತೆಯೇ ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮೆನ್ಸ್. ಅದರ ಮೂವತ್ತಾರು ಪಟ್ಟು ಉಪ್ಪಿನ ನೀರನ್ನು ಯಾವ ಎಮ್ಮೆಯೂ ಮೂಸುವುದಿಲ್ಲ. ಮೈಕ್ರೊ ಎಂದರೆ ಲೆಕ್ಕ ಕೂಡುತ್ತದೆ: 1,800ನ್ನು ಸುಮಾರು 0.65ರಿಂದ ಗುಣಿಸಿದರೆ ಲೀಟರಿಗೆ 1,170 ಮಿಲಿಗ್ರಾಂ ಕರಗಿದ ಲವಣ, ನಮ್ಮ ಕಡೆ ಸಪ್ಪೆಗಿಂತ ತುಸು ಉಪ್ಪು ಎನ್ನುವ ನೀರು. ನೈಟ್ರೇಟಿನ ಚಿತ್ರದಲ್ಲಿ ಹತ್ತರ ಗೆರೆ ಮಾಡಿದ್ದೂ ಇದೇ ಕೆಲಸ. N ಪೂರ್ತಿ ಮುಚ್ಚಿಹೋಗಿದ್ದರೂ ಆ ಗೆರೆ ಅದನ್ನು ಹೇಳಿಕೊಡುತ್ತಿತ್ತು.

ಲೆಕ್ಕದಿಂದ ಬಗೆಹರಿಯದೆ ಉಳಿದದ್ದು ಚಿಹ್ನೆಯಲ್ಲ, ಸಾದಾ ಮಾತು. ಬಿಳಿಯ ಕಂಬ 'ಮಾನ್ಸೂನಿಗೆ ಮೊದಲು', ಕರಿಯ ಕಂಬ 'ಮಾನ್ಸೂನಿನ ನಂತರ'. ಹುಡುಗ ಎರಡನೆಯದನ್ನು 'ಮಳೆಗಾಲ ಮುಗಿದ ಮೇಲೆ' ಎಂದಿದ್ದ. ಗದಗ, ಶಿರಹಟ್ಟಿಯ ಎರಿ ಹೊಲದ ರೈತನಿಗೆ ಮಳೆಗಾಲ ಒಂದಲ್ಲ. ಮುಂಗಾರಿ ಬೇರೆ, ಹಿಂಗಾರಿ ಬೇರೆ. ಮುಂಗಾರು ಮುಗಿದಾಗ ಅವನು ಹಿಂಗಾರಿ ಜೋಳಕ್ಕೆ ಹದ ನೋಡುತ್ತಿರುತ್ತಾನೆ. ಮಳೆ ಮುಗಿಯಿತು ಎಂದರೆ ಅವನ ಮನಸ್ಸು ನೇರ ಡಿಸೆಂಬರಿಗೆ ಹೋಗುತ್ತದೆ. ಹೊಲದ ಯೂರಿಯಾ, ಮನೆಯ ಹಿಂದಿನ ತಿಪ್ಪೆಯ ಸಾರ ಮಳೆನೀರಿನೊಡನೆ ಬಾವಿಗಿಳಿಯುವುದು ಯಾವಾಗ ಎಂಬುದೇ ಚಿತ್ರದ ತಿರುಳಾಗಿರುವಾಗ, ಎರಡು ತಿಂಗಳ ವ್ಯತ್ಯಾಸ ಸಣ್ಣದಲ್ಲ.

ನೀರು ಹಿಡಿದ ತಿಂಗಳು ಆ ಪುಟದಲ್ಲಿರಲಿಲ್ಲ. ಅದು ಪರೀಕ್ಷಾ ವಿಧಾನ ಹೇಳುವ ಹಿಂದಿನ ಪುಟದಲ್ಲಿರುತ್ತದೆ. ಫೋಟೋ ಕಳಿಸಿದವರನ್ನು ಹಿಡಿದು ಆ ಪುಟ ತರಿಸಲು ಹುಡುಗನಿಗೆ ನಾಲ್ಕು ದಿನ ಬೇಕಾಯಿತು. ಬಂದ ಮೇಲೆ ಋತುಗಳ ಹೆಸರಿನ ಮುಂದೆ ತಿಂಗಳನ್ನೂ ಬರೆದೆವು: ಮೇ, ಅಕ್ಟೋಬರ್.